ಓದಿಯೂ ಉತ್ತರಿಸಲಿಲ್ಲವೆಂಬ ಮುನಿಸು



ಬೀಗರ ನಡುವೆ ಮುನಿಸು ಹುಟ್ಟುವುದಕ್ಕೆ ನಮ್ಮ ಕಡೆ ಹಿಂದಿನಿಂದಲೂ ಕಾರಣಗಳಿಗೆ ಕೊರತೆಯಿಲ್ಲ. ಲಗ್ನಪತ್ರಿಕೆಯಲ್ಲಿ ಕಾಕಾನ ಹೆಸರು ಬಿಟ್ಟುಹೋಯಿತು, ಪಂಕ್ತಿಗೆ ಕರೆಯಲು ಹಿರಿಯರು ಬರದೆ ಹುಡುಗರು ಬಂದರು, ಉಡುಗೊರೆಯ ಸೀರೆ ಹಗುರವಾಯಿತು ಎಂದೆಲ್ಲ ವರ್ಷಗಟ್ಟಲೆ ಮಾತು ಬಿಟ್ಟವರನ್ನು ನಾವು ಕಂಡಿದ್ದೇವೆ. ಈಗ ಆ ಸಾಲಿಗೆ ಹೊಸ ಕಾರಣವೊಂದು ಬಂದು ಸೇರಿದೆ. ಬೀದರದ ಮನೆಯಲ್ಲಿ ಕುಳಿತರೂ ಸರಿ, ಭಾಲ್ಕಿಯ ಮನೆಯಲ್ಲಿ ಕುಳಿತರೂ ಸರಿ, ಒಂದಲ್ಲ ಒಂದು ಬಾಯಿಂದ ಈ ಮಾತು ಕೇಳಿಬರುತ್ತದೆ: "ನನ್ನ ಮೆಸೇಜ್ ನೋಡ್ಯಾರ, ನೀಲಿ ಟಿಕ್ ಬಿದ್ದದ, ಆದ್ರ ಉತ್ತರ ಕೊಟ್ಟಿಲ್ಲ ನೋಡ್ರಿ."

ಈ ಮಾತಿನಲ್ಲಿ ಮೂರು ಹೇಳಿಕೆಗಳಿವೆ. ನೀಲಿ ಟಿಕ್ ಬಿದ್ದಿದೆ ಎಂಬುದು ಮೊದಲನೆಯದು. ಅದು ಕಣ್ಣಿಗೆ ಕಾಣುವ ಸಂಗತಿ. ಅವರು ನೋಡಿದ್ದಾರೆ ಎಂಬುದು ಎರಡನೆಯದು; ಅದು ಊಹೆ. ಬೇಕೆಂದೇ ಉತ್ತರಿಸಿಲ್ಲ ಎಂಬುದು ಮೂರನೆಯದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸು ನೋಯುವುದು ಅದರಿಂದಲೇ. ಒಂದರಿಂದ ಮೂರಕ್ಕೆ ನಾವು ಎಷ್ಟು ಬೇಗ ಜಿಗಿಯುತ್ತೇವೆಂದರೆ ನಡುವೆ ಎರಡು ಹೊಳೆಗಳಿವೆ ಎಂಬುದೇ ಅರಿವಿಗೆ ಬರುವುದಿಲ್ಲ. ಆದುದರಿಂದ ಈ ತಿಂಗಳು ಆ ಗುರುತುಗಳು ನಿಜವಾಗಿ ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ವಾಟ್ಸ್‌ಆ್ಯಪ್‌ನಲ್ಲಿ ನಾವು ಕಳುಹಿಸಿದ ಸಂದೇಶದ ಪಕ್ಕದಲ್ಲಿ ಒಂದೇ ಬೂದು ಟಿಕ್ ಇದ್ದರೆ, ಸಂದೇಶವು ನಮ್ಮ ಫೋನನ್ನು ಬಿಟ್ಟು ಕಂಪನಿಯ ಸರ್ವರನ್ನು ಮುಟ್ಟಿದೆ ಎಂದರ್ಥ. ಎದುರಿನವರ ಫೋನಿಗೆ ಅದಿನ್ನೂ ಮುಟ್ಟಿಲ್ಲ. ಎರಡು ಬೂದು ಟಿಕ್ ಬಂದರೆ ಅವರ ಫೋನಿಗೆ, ಅಥವಾ ಅವರ ಖಾತೆಗೆ ಜೋಡಿಸಿದ ಕಂಪ್ಯೂಟರಿಗೆ ಮುಟ್ಟಿದೆ. ಆ ಎರಡೂ ನೀಲಿಯಾದರೆ ಆ ಸಂಭಾಷಣೆಯ ಪುಟವನ್ನು ಅಲ್ಲಿ ತೆರೆಯಲಾಗಿದೆ. ಈ ನೀಲಿ ಬಣ್ಣದ ವ್ಯವಸ್ಥೆ ಬಂದದ್ದು 2014ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಎರಡು ಟಿಕ್ ಕಂಡವರೆಲ್ಲ "ಓದಿದ್ದಾರೆ" ಎಂದೇ ತಿಳಿಯುತ್ತಿದ್ದರು, ಅದೂ ತಪ್ಪು ತಿಳಿವಳಿಕೆಯೇ ಆಗಿತ್ತು.

"ತೆರೆಯಲಾಗಿದೆ" ಎಂಬ ಶಬ್ದವನ್ನು ಓದುಗರು ಗಮನಿಸಬೇಕು. ಯಾರು ತೆರೆದರು ಎಂಬುದನ್ನು ಯಂತ್ರ ತಿಳಿಯದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಫೋನನ್ನು ಅಜ್ಜ, ಸೊಸೆ, ಮೊಮ್ಮಗ ಮೂವರೂ ಹಿಡಿಯುತ್ತಾರೆ. ಮೊಮ್ಮಗ ಗೊಂಬೆಯಾಟದ ವಿಡಿಯೊ ಹುಡುಕುತ್ತ ಬೆರಳಾಡಿಸಿದಾಗ ಅಜ್ಜನಿಗೆ ಬಂದ ಪತ್ರ ತೆರೆದುಕೊಂಡರೂ ಟಿಕ್ ನೀಲಿಯಾಗುತ್ತದೆ. ಸಂದೇಶ ಉದ್ದವಾಗಿದ್ದರೆ ಪರದೆಯ ಮೇಲೆ ಮೊದಲ ಭಾಗ ಮಾತ್ರ ಕಂಡು ಕೆಳಗೆ Read more ಎಂದು ಬರುತ್ತದೆ. ಅದನ್ನು ಒತ್ತದೆ ಬಿಟ್ಟರೂ ನಮ್ಮ ಕಡೆ ನೀಲಿಯೇ. ಇದಕ್ಕೆ ವಿರುದ್ಧವಾದುದೂ ಉಂಟು. ಫೋನಿನ ಮೇಲ್ಭಾಗದಲ್ಲಿ ಇಳಿದುಬರುವ ಸೂಚನೆಯಲ್ಲಿಯೇ ಸಂದೇಶವನ್ನು ಪೂರ್ತಿ ಓದಿಕೊಂಡು ಪುಟ ತೆರೆಯದೆ ಇಟ್ಟರೆ ಟಿಕ್ ಬೂದಾಗಿಯೇ ಉಳಿಯುತ್ತದೆ. ಹಾಗಾಗಿ ನೀಲಿಯಾದದ್ದೆಲ್ಲ ಓದಿದ್ದೂ ಅಲ್ಲ, ಬೂದಾಗಿ ಉಳಿದದ್ದೆಲ್ಲ ಓದದ್ದೂ ಅಲ್ಲ.

ಇನ್ನು ಕೆಲವರು ಫೋನಿನಲ್ಲಿ Settings, ಅದರೊಳಗೆ Privacy, ಅದರೊಳಗೆ Read receipts ಎಂಬುದನ್ನು ಆರಿಸಿಟ್ಟಿರುತ್ತಾರೆ. ಅವರು ನೂರು ಸಲ ಓದಿದರೂ ನಮಗೆ ನೀಲಿ ಬಣ್ಣ ಕಾಣುವುದಿಲ್ಲ. ಹಾಗೆ ಆರಿಸಿದವರಿಗೆ ಇತರರು ಓದಿದ್ದೂ ತೋರುವುದಿಲ್ಲ. ಅದು ಸರಿಯಾದ ಲೇವಾದೇವಿಯೇ ಸರಿ. ಆದರೆ ಗುಂಪುಗಳಲ್ಲಿ ಈ ಆರಿಸುವಿಕೆ ನಡೆಯುವುದಿಲ್ಲ. ಧ್ವನಿಸಂದೇಶ ಕೇಳಿದ್ದನ್ನೂ ಹೀಗೆ ಮರೆಮಾಡಲಾಗದು. ಗುಂಪಿನ ವಿಷಯದಲ್ಲಿ ಇನ್ನೊಂದು ನಿಯಮವಿದೆ: ಸದಸ್ಯರೆಲ್ಲರ ಫೋನಿಗೆ ಮುಟ್ಟುವವರೆಗೆ ಎರಡನೆಯ ಟಿಕ್ ಬಾರದು, ಎಲ್ಲರೂ ತೆರೆಯುವವರೆಗೆ ನೀಲಿಯಾಗದು. ಎಪ್ಪತ್ತು ಜನರ ಮನೆತನದ ಗುಂಪಿನಲ್ಲಿ ಒಬ್ಬ ಅಜ್ಜಿಯ ಫೋನಿನ ರೀಚಾರ್ಜ್ ಮುಗಿದಿದ್ದರೆ ಸಾಕು, ತೊಟ್ಟಿಲ ಕಾರ್ಯದ ಆಮಂತ್ರಣದ ಮುಂದೆ ಬೂದು ಟಿಕ್ ವಾರಗಟ್ಟಲೆ ನಿಲ್ಲುತ್ತದೆ. "ಯಾರೂ ನೋಡಿಲ್ಲ, ನಮ್ಮ ಮನೆಯ ಕಾರ್ಯವೆಂದರೆ ಎಲ್ಲರಿಗೂ ಅಸಡ್ಡೆ" ಎಂದು ಕೊರಗುವುದಕ್ಕೆ ಮುಂಚೆ ಆ ಸಂದೇಶವನ್ನು ಒತ್ತಿ ಹಿಡಿದು Info ಎಂಬುದನ್ನು ತೆರೆದರೆ ಯಾರಿಗೆ ಮುಟ್ಟಿದೆ, ಯಾರು ತೆರೆದಿದ್ದಾರೆ, ಎಷ್ಟು ಗಂಟೆಗೆ ಎಂಬುದೆಲ್ಲ ಹೆಸರು ಸಹಿತ ಕಾಣುತ್ತದೆ.

ಒಂದೇ ಟಿಕ್ಕಿನ ಬಗ್ಗೆ ನಮ್ಮ ಜಿಲ್ಲೆಯವರು ವಿಶೇಷವಾಗಿ ತಿಳಿಯಬೇಕಾದುದೊಂದಿದೆ. ಔರಾದ ತಾಲೂಕಿನ ಮತ್ತು ಭಾಲ್ಕಿ ತಾಲೂಕಿನ ಎಷ್ಟೋ ಊರುಗಳು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ. ಹೊಲದ ಈ ಬದುವಿನಲ್ಲಿ ನಿಂತರೆ ಕರ್ನಾಟಕದ ಟವರು, ಆ ಬದುವಿಗೆ ಹೋದರೆ ಮಹಾರಾಷ್ಟ್ರದ ಟವರು. ಕೆಲವು ಫೋನುಗಳಲ್ಲಿ Data roaming ಎಂಬುದನ್ನು ಹಾಕಿರದಿದ್ದರೆ ಫೋನು ಆಚೆಯ ಟವರನ್ನು ಹಿಡಿದೊಡನೆ ಇಂಟರ್‌ನೆಟ್ ನಿಂತುಹೋಗುತ್ತದೆ, ಆದರೆ ಕರೆಗಳು ಮಾತ್ರ ಬರುತ್ತಿರುತ್ತವೆ. "ಫೋನ್ ಹಚ್ಚಿದರೆ ರಿಂಗ್ ಆಗ್ತದ, ಮೆಸೇಜ್ ಮಾತ್ರ ಹೋಗವಲ್ದು, ನನ್ನ ನಂಬರ್ ಬ್ಲಾಕ್ ಮಾಡ್ಯಾರ" ಎಂಬ ದೂರಿಗೆ ಅನೇಕ ಸಲ ಇದೇ ಕಾರಣ. 28 ದಿನಗಳ ಪ್ಯಾಕ್ ಮುಗಿದಿರಬಹುದು, ದಿನದ ಡೇಟಾ ತೀರಿರಬಹುದು, ಬ್ಯಾಟರಿ ಉಳಿಸುವ ಸಲುವಾಗಿ ಫೋನೇ ಹಿನ್ನೆಲೆಯ ಕೆಲಸವನ್ನು ತಡೆದಿರಬಹುದು. ಮುಟ್ಟದ ಸಂದೇಶ ಸರ್ವರಿನಲ್ಲಿ 30 ದಿನಗಳವರೆಗೆ ಕಾಯ್ದಿರುತ್ತದೆ. ಫೋನು ಇಂಟರ್‌ನೆಟ್ಟಿಗೆ ಮರಳಿದಾಗ ಹೋಗಿ ಮುಟ್ಟುತ್ತದೆ. ನಿಜವಾಗಿ ಬ್ಲಾಕ್ ಮಾಡಿದಾಗಲೂ ಒಂದೇ ಟಿಕ್ ನಿಲ್ಲುವುದು ದಿಟ. ಆದರೆ ಒಂದು ಟಿಕ್ ಮಾತ್ರದಿಂದ ಇವುಗಳಲ್ಲಿ ಯಾವುದೆಂದು ಹೇಳುವ ಉಪಾಯ ಯಾರ ಬಳಿಯೂ ಇಲ್ಲ.

ಈಗ ಒಂದು ಪ್ರಸಂಗವನ್ನು ಹೇಳುತ್ತೇನೆ. ಮನೆತನದ ಗುರುತು ಹತ್ತದಂತೆ ಹೇಳುವುದು ನನ್ನ ಹೊಣೆ.

ಭಾಲ್ಕಿಯಲ್ಲಿ ನೆಲೆಸಿದ ನಿವೃತ್ತ ಶಿಕ್ಷಕರೊಬ್ಬರ ಮಗಳನ್ನು ಔರಾದ ತಾಲೂಕಿನ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಲಗ್ನವಾದ ಮೇಲೆ ಅದು ಮೊದಲ ಪಂಚಮಿ. ನಾಗಪಂಚಮಿಗೆ ಮಗಳು ತವರಿಗೆ ಬರುವುದು, ಅಣ್ಣನೋ ತಮ್ಮನೋ ಹೋಗಿ ಕರೆತರುವುದು ನಮ್ಮಲ್ಲಿ ಎಷ್ಟು ಮುಖ್ಯವೆಂಬುದನ್ನು ಹೇಳಬೇಕಾಗಿಲ್ಲ. ಶಿಕ್ಷಕರು ಒಂದು ಸೋಮವಾರ ಸಂಜೆ 7 ಗಂಟೆ 40 ನಿಮಿಷಕ್ಕೆ ಬೀಗರಿಗೆ ಸಂದೇಶ ಕಳುಹಿಸಿದರು. ಶುದ್ಧ ಕನ್ನಡದಲ್ಲಿ, ಪತ್ರದ ಧಾಟಿಯಲ್ಲಿ ಬರೆದರು: ಕ್ಷೇಮ ಸಮಾಚಾರ, ಮಳೆಬೆಳೆ, ಬೀಗಿತಿಯವರ ಮೊಣಕಾಲ ನೋವು, ಕೊನೆಗೆ ಮಗಳನ್ನು ಗುರುವಾರ ಕಳುಹಿಸಿಕೊಡಬೇಕು, ಅಳಿಯಂದಿರೂ ದಯಮಾಡಿಸಬೇಕು ಎಂಬ ವಿನಂತಿ.

ರಾತ್ರಿ ಹತ್ತರವರೆಗೂ ಒಂದೇ ಟಿಕ್. ಮಂಗಳವಾರ ಬೆಳಿಗ್ಗೆ ಎರಡಾಯಿತು, ಸ್ವಲ್ಪ ಹೊತ್ತಿಗೆ ನೀಲಿಯೂ ಆಯಿತು. ಶಿಕ್ಷಕರು ಸಮಾಧಾನದಿಂದ ಉತ್ತರಕ್ಕಾಗಿ ಕಾದರು. ಮಧ್ಯಾಹ್ನ ಒಂದಕ್ಕೆ ನೋಡಿದರೆ ಬೀಗರ ಹೆಸರಿನ ಕೆಳಗೆ online ಎಂದು ಇತ್ತು, ಉತ್ತರ ಮಾತ್ರ ಇಲ್ಲ. ರಾತ್ರಿ ಒಂಬತ್ತಕ್ಕೂ ಇಲ್ಲ. ಬುಧವಾರ ಬೆಳಿಗ್ಗೆ ಎಂಟಕ್ಕೆ ಉತ್ತರ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೇ ಶಬ್ದ: Hu. Nodona.

ಆ ಎರಡು ಶಬ್ದಗಳ ಮೇಲೆ ಭಾಲ್ಕಿಯ ಮನೆಯಲ್ಲಿ ದಿನವಿಡೀ ವ್ಯಾಖ್ಯಾನ ನಡೆಯಿತು. "ಹೂನ್ರೀ" ಎನ್ನಬೇಕಾದವರು "ಹೂ" ಎಂದಿದ್ದಾರೆ, ಮಾಸ್ತರರೆಂಬ ಗೌರವವೂ ಇಲ್ಲ. "ನೋಡೋಣ" ಎಂದರೆ ನಮ್ಮ ಕಡೆ ಆಗುವುದಿಲ್ಲವೆಂದೇ ಅರ್ಥ. ಒಂದೂವರೆ ದಿನ ಸತಾಯಿಸಿ ಹೇಳಿದ್ದಾರೆ. ತಾಯಿಗೆ ಲಗ್ನದಲ್ಲಿ ನಡೆದ ಉಂಗುರದ ಮಾತು ನೆನಪಾಯಿತು. ಮಗನಿಗೆ ಪಂಕ್ತಿಯಲ್ಲಿ ಬೀಗರ ತಮ್ಮ ಮುಖ ತಿರುವಿದ್ದು ನೆನಪಾಯಿತು. ಸಂಜೆಯ ಹೊತ್ತಿಗೆ ಸಂಬಂಧವೇ ಕೆಟ್ಟಿತೆಂಬ ಕಥೆ ಸಿದ್ಧವಾಗಿತ್ತು. ಅದರ ನಂತರ ಅವರು ಮಾಡಿದ ಕೆಲಸವೇ ನನಗೆ ಹೆಚ್ಚು ವ್ಯಥೆಯನ್ನುಂಟುಮಾಡಿದ್ದು. ಮಗಳಿಗೆ ಫೋನು ಹಚ್ಚಿ, "ನಿಮ್ಮ ಮನಿಯಾಗ ಏನ್ ನಡದದ? ನೀ ಏನಾದ್ರೂ ಅಂದಿ ಏನು?" ಎಂದು ವಿಚಾರಿಸಿದರು. ಏನೂ ಅರಿಯದ ಆ ಹುಡುಗಿ ತನ್ನಿಂದಲೇ ಯಾವುದೋ ತಪ್ಪಾಗಿದೆ ಎಂದು ತಿಳಿದು ಅತ್ತಳು. ಅತ್ತ ಮುಖವನ್ನು ಗಂಡ ಕಂಡ, ಕಾರಣ ಕೇಳಿದ. ಅವಳು ಹೇಳಲೊಲ್ಲಳು. ಅಲ್ಲಿಯೂ ಒಂದು ಸಂಶಯ ಹುಟ್ಟಿತು.

ಈ ಕಥೆಯನ್ನು ಬಿಡಿಸಿದವರು ಹುಡುಗಿಯ ದೊಡ್ಡಪ್ಪ. ಬೀದರದಲ್ಲಿ ಕಿರಾಣಿ ಅಂಗಡಿ ನಡೆಸುವ ಅವರು ವಾಟ್ಸ್‌ಆ್ಯಪನ್ನೇ ಇಟ್ಟುಕೊಂಡವರಲ್ಲ. ಬುಧವಾರ ರಾತ್ರಿ ನೇರವಾಗಿ ಬೀಗರಿಗೆ ಫೋನು ಮಾಡಿದರು.

"ಬೀಗರ, ಆರಾಮದಿರಿ? ನಾಳೆ ಹುಡುಗ ಬರ್ತಾನ, ಕೂಸಿನ್ನ ಕಳಿಸ್ತೀರಿಲ್ಲೋ?"

"ಅಯ್ಯ, ಅದನ್ನ ಕೇಳೂದೇನ್ರೀ? ನಮ್ಮಾಕಿ ಉದಗೀರಕ್ಕ ಹೋಗ್ಯಾಳ, ಆಕಿ ಬರ್ಲಿ ಕೇಳಿ ಹೇಳ್ತೀನಿ ಅಂತ ಬರಸೀನಲ್ಲ. ಈಗ ಬಂದಾಳ. ಸೀರಿನೂ ತಂದಾಳ. ಊಟಕ್ಕ ಬರ್ಲಿ ಅನ್ರೀ ಹುಡುಗ."

ಆಮೇಲೆ ನಿಧಾನವಾಗಿ ಸಂಗತಿಗಳೆಲ್ಲ ಹೊರಬಂದವು. ಸೋಮವಾರ ಸಂಜೆ ಬೀಗರು ಗಡಿಯ ಹೊಲದಲ್ಲಿದ್ದರು, ರಾತ್ರಿ ಅಲ್ಲಿಯೇ ಗುಡಿಸಿಲಿನಲ್ಲಿ ಮಲಗಿದರು. ಒಂದು ಟಿಕ್ಕಿನ ಗುಟ್ಟು ಅದು. ಮಂಗಳವಾರ ಬೆಳಿಗ್ಗೆ ಮನೆಗೆ ಬಂದು ಫೋನು ಕಟ್ಟೆಯ ಮೇಲಿಟ್ಟು ಸ್ನಾನ ಪೂಜೆಗೆ ಹೋದಾಗ ಅಣ್ಣನ ಮೊಮ್ಮಗ ಅದನ್ನು ಹಿಡಿದಿದ್ದ. ನೀಲಿ ಬಣ್ಣದ ಗುಟ್ಟು ಅದು. ಮಧ್ಯಾಹ್ನ ಅವರು ನೋಡುತ್ತಿದ್ದದ್ದು ಅಡತಿಯವರ ಗುಂಪಿನಲ್ಲಿ ಬಂದ ಹೆಸರು ಕಾಳಿನ ಧಾರಣೆಯನ್ನು. online ಎಂಬ ಶಬ್ದಕ್ಕೆ ವಾಟ್ಸ್‌ಆ್ಯಪ್ ತೆರೆದಿದೆ ಎಂಬಷ್ಟೇ ಅರ್ಥವಿದೆ. ನಿಮ್ಮ ಪತ್ರ ತೆರೆದಿದೆ ಎಂಬುದು ಅದರಲ್ಲಿಲ್ಲ. ಶಿಕ್ಷಕರ ಸಂದೇಶ ಅವರ ಕಣ್ಣಿಗೆ ಬಿದ್ದದ್ದು ಮಂಗಳವಾರ ರಾತ್ರಿ. ಅದೂ ಒಮ್ಮೆ ತೆರೆದಾದ ಸಂದೇಶವಾದುದರಿಂದ ಹೊಸದೆಂಬ ಹಸಿರು ಚುಕ್ಕೆ ಆಗಲೇ ಅಳಿದುಹೋಗಿತ್ತು. ಬೇರೆ ಏನನ್ನೋ ಹುಡುಕುವಾಗ ಅಕಸ್ಮಾತ್ ಸಿಕ್ಕಿತು. ಕನ್ನಡಕವಿಲ್ಲದೆ ಅಷ್ಟುದ್ದದ ಪತ್ರವನ್ನು ಓದಲು ಕಷ್ಟಪಟ್ಟು, ಹೆಂಡತಿಯನ್ನು ಕೇಳದೆ ಒಪ್ಪಿಗೆ ಕೊಡುವುದು ಸರಿಯಲ್ಲವೆಂದು ಬಿಟ್ಟರು. ಮರುದಿನ ಬೆಳಿಗ್ಗೆ ತಮ್ಮನ ಮಗನನ್ನು ಕರೆದು, "ಹೂನ್ರೀ ಮಾಸ್ತರ್‍ರ, ನೋಡೋಣ್ರೀ, ಮನಿಯಾಗ ಕೇಳಿ ಹೇಳ್ತೀನಿ ಅಂತ ಹಾಕು" ಎಂದರು. ಕಾಲೇಜಿಗೆ ಹೊರಟಿದ್ದ ಹುಡುಗ ಅದರ ಸಾರಾಂಶ ಹಾಕಿದ.

ಗುರುವಾರ ಹುಡುಗ ಹೋದ, ಅಕ್ಕನನ್ನು ಕರೆತಂದ. ಹಬ್ಬ ಚೆನ್ನಾಗಿಯೇ ಆಯಿತು. ಆದರೆ ತಾನು ತಪ್ಪು ಮಾಡದೆ ಎರಡೂ ಮನೆಗಳಲ್ಲಿ ಉತ್ತರ ಹೇಳಬೇಕಾಗಿ ಬಂದ ಆ ಹುಡುಗಿಯ ಕ್ಷಮೆಯನ್ನು ಯಾರಾದರೂ ಕೇಳಿದರೋ ಇಲ್ಲವೋ ನಾನರಿಯೆ. ಹಿರಿಯರು ಹಿರಿಯರ ಟಿಕ್ ಎಣಿಸುತ್ತಾರೆ, ಅದರ ದಂಡವನ್ನು ಕಟ್ಟುವವಳು ಸೊಸೆ. ಈ ಮಾತನ್ನು ಹೇಳಲೆಂದೇ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಬರೆದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾತನಾಡುವಾಗ ಬೀಗರ ಬಾಯಿಂದ ಎರಡು ಸಲ ಬಂದ "ರೀ" ಬರಹದಲ್ಲಿ ಒಂದು ಸಲವೂ ಉಳಿಯಲಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಮಾತಿನಲ್ಲಿ ಗೌರವವೆಲ್ಲ ಆ ಒಂದು ಅಕ್ಷರದಲ್ಲಿ ಕುಳಿತಿದೆ. "ಹೌದು" ಎಂಬುದಕ್ಕೂ "ಹೌದ್ರೀ" ಎಂಬುದಕ್ಕೂ ಇರುವ ಅಂತರವನ್ನು ನಮ್ಮಲ್ಲಿ ಬೆಳೆದ ಮಗುವೂ ಬಲ್ಲದು. ಅವಸರದಲ್ಲಿ ಬೆರಳಿನಿಂದ ಒತ್ತುವಾಗ ಮೊದಲು ಬಿದ್ದುಹೋಗುವುದು ಅದೇ ಅಕ್ಷರ. ಓದುವವನ ಕಿವಿ ಮೊದಲು ಹುಡುಕುವುದೂ ಅದನ್ನೇ. "ಆಯ್ತು" ಎಂಬುದೂ ಹೀಗೆಯೇ. ಒಪ್ಪಿದೆ ಎಂಬರ್ಥದ "ಆಯ್ತು" ಬೇರೆ, ಕೆಲಸ ಮುಗಿಯಿತು ಎಂಬರ್ಥದ್ದು ಬೇರೆ, ಇನ್ನು ನಿನ್ನ ಸಂಗಡ ಮಾತು ಸಾಕು ಎಂಬರ್ಥದ್ದು ಬೇರೆ. ಬಾಯಿಂದ ಬಂದರೆ ಎಳೆಯುವ ರಾಗದಲ್ಲಿ ಮೂರೂ ತಿಳಿಯುತ್ತವೆ. ಪರದೆಯ ಮೇಲೆ aytu ಎಂದು ಬರೆದರೆ ಮೂರೂ ಒಂದೇ. ಕೈಮುಗಿದ ಚಿತ್ರದ ಪಾಡೂ ಅದೇ. ಹಿರಿಯರು ಅದನ್ನು ಶರಣು ಎಂಬರ್ಥದಲ್ಲಿ ಕಳುಹಿಸುತ್ತಾರೆ. ಪಡೆದ ಯುವಕರಲ್ಲಿ ಕೆಲವರು "ಮಾತು ಮುಗಿಸಿ ಕೈಮುಗಿದುಬಿಟ್ಟರು" ಎಂದು ತಿಳಿಯುತ್ತಾರೆ.

ಬರೆದವರಿಗೆ ತಮ್ಮ ಧ್ವನಿ ತಮಗೆ ಕೇಳುತ್ತಿರುತ್ತದೆ, ಆದುದರಿಂದ ಓದುವವರಿಗೂ ಕೇಳುತ್ತದೆಂದು ನಂಬುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಅಳೆದು ತೋರಿಸಿದೆ. ವ್ಯಂಗ್ಯದ ಮಾತುಗಳನ್ನೂ ಗಂಭೀರ ಮಾತುಗಳನ್ನೂ ವಿದ್ಯಾರ್ಥಿಗಳಿಂದ ಇ-ಮೇಲಿನಲ್ಲಿ ಕಳುಹಿಸಿ, ಎದುರಿನವರು ಎಷ್ಟನ್ನು ಸರಿಯಾಗಿ ಗುರುತಿಸುತ್ತಾರೆಂದು ಕೇಳಿದರು. ನೂರಕ್ಕೆ ಸುಮಾರು 78 ಎಂದು ಕಳುಹಿಸಿದವರು ಎಣಿಸಿದ್ದರು. ನಿಜವಾಗಿ ಗುರುತಿಸಿದ್ದು ಸುಮಾರು 56. ನಾಣ್ಯ ಚಿಮ್ಮಿ ಹೇಳಿದರೂ 50 ಸಿಕ್ಕುತ್ತಿತ್ತು! ಅದೇ ಮಾತುಗಳನ್ನು ಧ್ವನಿಯಲ್ಲಿ ಕೇಳಿಸಿದಾಗ 73ರಷ್ಟು ಸರಿಯಾಯಿತು.

ಇನ್ನೊಂದು ಅಧ್ಯಯನ ನಮ್ಮ ಅಜ್ಜ-ಮೊಮ್ಮಕ್ಕಳಿಗೆ ಸಂಬಂಧಿಸಿದಂತಿದೆ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ 126 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಮೊಬೈಲ್ ಸಂದೇಶದಲ್ಲಿ ಒಂದೇ ಶಬ್ದದ ಉತ್ತರದ ಕೊನೆಗೆ ಪೂರ್ಣವಿರಾಮವಿದ್ದರೆ, ಇಲ್ಲದ ಉತ್ತರಕ್ಕಿಂತ ಅದು ಕಡಿಮೆ ಪ್ರಾಮಾಣಿಕವೆಂದು ಅವರಿಗೆ ತೋರಿತು. ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ಕೊಟ್ಟಾಗ ಭೇದ ಕಾಣಲಿಲ್ಲ. ವಾಕ್ಯ ಮುಗಿದರೆ ಬಿಂದು ಇಡಬೇಕೆಂದು ಶಾಲೆಯಲ್ಲಿ ಬೆತ್ತದ ಪೆಟ್ಟು ತಿಂದು ಕಲಿತವರು ಇಂದು ok. ಎಂದು ಬರೆದರೆ ಪುಣೆಯಲ್ಲಿರುವ ಮೊಮ್ಮಗಳು "ಅಜ್ಜ ಸಿಟ್ಟಾಗ್ಯಾರೇನು?" ಎಂದು ಕೇಳುತ್ತಾಳೆ. ಅಜ್ಜನ ವ್ಯಾಕರಣವೂ ಸರಿಯಾಗಿದೆ, ಮೊಮ್ಮಗಳ ಅಂಜಿಕೆಯೂ ಸುಳ್ಳಲ್ಲ.

ಸಂಕ್ಷೇಪವೆಂಬುದೇ ಅಗೌರವವಾದರೆ ನಮ್ಮ ಹಿರಿಯರು ಕಳುಹಿಸಿದ ತಂತಿಗಳೆಲ್ಲ ಬೈಗುಳವಾಗಬೇಕಿತ್ತು. ಶಬ್ದಕ್ಕಿಷ್ಟೆಂದು ಹಣವಿದ್ದುದರಿಂದ "ಹೊರಡಿರಿ" ಎಂದಷ್ಟೇ ಬರುತ್ತಿತ್ತು, ಯಾರೂ ಅದರಲ್ಲಿ ಧಿಮಾಕನ್ನು ಹುಡುಕಲಿಲ್ಲ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ನೋಂದಾಯಿತ ಅಂಚೆಯ ಸ್ವೀಕೃತಿ ಚೀಟಿಯೂ ಹಾಗೆಯೇ ಇತ್ತು: ಸಹಿ ಮಾಡಿ ತೆಗೆದುಕೊಂಡರು ಎಂಬುದಷ್ಟೇ ಅದರ ಸಾಕ್ಷ್ಯ. ಒಡೆದು ಓದಿದರು, ಒಪ್ಪಿದರು ಎಂದು ಅದರಿಂದ ಯಾರೂ ತೀರ್ಮಾನಿಸುತ್ತಿರಲಿಲ್ಲ.

ನ್ಯಾಯಾಲಯಗಳೂ ನೀಲಿ ಟಿಕ್ಕನ್ನು ಅಷ್ಟೇ ಜಾಗರೂಕತೆಯಿಂದ ಓದಿವೆ ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. 2018ರ ಜೂನ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು, ಸಾಲ ವಸೂಲಿಯ ಪ್ರಕರಣವೊಂದರಲ್ಲಿ ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದ ನೋಟಿಸು ಮುಟ್ಟಿದೆ ಮತ್ತು ಅದನ್ನು ತೆರೆಯಲಾಗಿದೆ ಎಂಬುದಕ್ಕೆ ಗುರುತುಗಳನ್ನು ಆಧಾರವಾಗಿ ಸ್ವೀಕರಿಸಿದರು. ಮುಟ್ಟಿದೆ, ತೆರೆಯಲಾಗಿದೆ, ಅದಕ್ಕಿಂತ ಮುಂದೆ ಹೋಗಲಿಲ್ಲ. ವ್ಯಕ್ತಿಯ ಸ್ವಾತಂತ್ರ್ಯದ ಪ್ರಶ್ನೆ ಬಂದಾಗ ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ, ಆರೋಪಿಯನ್ನು ಹಾಜರಾಗುವಂತೆ ಕರೆಯುವ ಪೊಲೀಸ್ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಕೊಡುವಂತಿಲ್ಲ, ಕಾನೂನು ಹೇಳಿದ ರೀತಿಯಲ್ಲಿಯೇ ಕೊಡಬೇಕು ಎಂದಿತು. ನ್ಯಾಯಾಧೀಶರು ಇಷ್ಟು ಹಿಂದೆಮುಂದೆ ನೋಡುವ ಜಾಗದಲ್ಲಿ ನಾವು ಅಡುಗೆಮನೆಯಲ್ಲಿ ನಿಂತು ತೀರ್ಪು ಕೊಟ್ಟುಬಿಡುತ್ತೇವೆ.

ಹಾಗಾದರೆ ತಡವಾದ ಉತ್ತರಕ್ಕೆ ಎಂದೂ ಅರ್ಥವೇ ಇಲ್ಲವೇ ಎಂದು ಕೇಳಬಹುದು. ಇದೆ. ಕೆಲವರು ನಿಜವಾಗಿಯೂ ಉತ್ತರವನ್ನು ತಪ್ಪಿಸುತ್ತಾರೆ. ಅದನ್ನು ತಿಳಿಯುವ ಬಗೆ ಒಂದು ಸಂದೇಶದ ಬಣ್ಣವನ್ನು ನೋಡುವುದರಲ್ಲಿಲ್ಲ. ಆ ವ್ಯಕ್ತಿಯೊಡನೆ ನಡೆದ ಹಿಂದಿನ ಹತ್ತು-ಹನ್ನೆರಡು ಸಂದೇಶಗಳನ್ನು ಮೇಲಕ್ಕೆ ಸರಿಸಿ ನೋಡಿರಿ. ಯಾವಾಗಲೂ ಒಂದು ದಿನ ಬಿಟ್ಟು ಎರಡು ಶಬ್ದ ಬರೆಯುವವರು ಈಗಲೂ ಹಾಗೆಯೇ ಬರೆದಿದ್ದರೆ ಅದು ಅವರ ನಡೆ, ಅದಕ್ಕೆ ನೀವು ಕಾರಣರಲ್ಲ. ಯಾವಾಗಲೂ ಬೇಗ ಬರೆಯುವವರು ಹಲವು ವಾರ ಮೌನವಾಗಿ, ಫೋನಿನಲ್ಲಿಯೂ ಮಾತನ್ನು ಮೊಟಕುಗೊಳಿಸಿ, ಎದುರು ಸಿಕ್ಕರೂ ತಪ್ಪಿಸಿಕೊಂಡರೆ ವಿಷಯ ಬೇರೆ.

ಎರಡನೆಯದಾಗಿ ನಮ್ಮ ಸಂದೇಶದಲ್ಲಿ ಉತ್ತರಿಸಬೇಕಾದ ಪ್ರಶ್ನೆಯಿತ್ತೇ ಎಂದು ನೋಡಬೇಕು. ಶಿಕ್ಷಕರ ಪತ್ರದಲ್ಲಿ ಮುಖ್ಯ ಮಾತು ಕೊನೆಯ ಸಾಲಿನಲ್ಲಿತ್ತು, Read more ಎಂಬುದರ ಆಚೆ. ಯಾವಾಗಿನೊಳಗೆ ಉತ್ತರ ಬೇಕೆಂದೂ ಇರಲಿಲ್ಲ. ಅದನ್ನೇ ಹೀಗೆ ಬರೆದಿದ್ದರೆ ಸಾಕಾಗುತ್ತಿತ್ತು: "ಬೀಗರೇ, ಶರಣು. ಪಂಚಮಿಗೆ ಮಗಳನ್ನು ಕರೆತರಲು ಗುರುವಾರ ಬೆಳಿಗ್ಗೆ ಮಗನನ್ನು ಕಳುಹಿಸಲೇ? ಮನೆಯವರನ್ನು ಕೇಳಿ ಬುಧವಾರ ರಾತ್ರಿಯೊಳಗೆ ತಿಳಿಸಿದರೆ ಸಾಕು." ಮನೆಯವರನ್ನು ಕೇಳಿ ಎಂದು ನಾವೇ ಬರೆದ ಮೇಲೆ ತಡವಾದರೆ ಅದು ಕೇಳುವುದಕ್ಕೆ ಹಿಡಿದ ಸಮಯವಾಗುತ್ತದೆ. ಉತ್ತರಿಸುವವರಿಗೂ ಒಂದು ಸುಲಭ ಉಪಾಯವುಂಟು. ತಕ್ಷಣ ತೀರ್ಮಾನ ಹೇಳಲಾಗದಿದ್ದರೆ "ನೋಡಿದೆನ್ರೀ, ನಾಳೆ ಹೇಳ್ತೀನ್ರೀ" ಎಂದು ಹತ್ತು ಸೆಕೆಂಡಿನ ಧ್ವನಿಸಂದೇಶ ಕಳುಹಿಸಿದರೆ ಕನ್ನಡಕವೂ ಬೇಡ, ತಮ್ಮನ ಮಗನೂ ಬೇಡ. "ರೀ" ಕೂಡ ಹಾಗೆಯೇ ಹೋಗಿ ಮುಟ್ಟುತ್ತದೆ. ಲಗ್ನ, ಹೊಲಮನೆ, ಸಾಲ, ಮಗಳನ್ನು ಕಳುಹಿಸುವುದು ಮುಂತಾದ ವಿಷಯಗಳನ್ನಂತೂ ಫೋನಿನಲ್ಲಿ ಮಾತನಾಡುವುದೇ ಲೇಸು. ಬೀದರದಿಂದ ಭಾಲ್ಕಿಯಾಗಲಿ ಔರಾದವಾಗಲಿ ಒಂದು ತಾಸಿನ ದಾರಿ. ಹೋಗಿ ಕುಳಿತು ಮಾತನಾಡಿದರೂ ಭಾರವಲ್ಲ.

ನೀಲಿ ಬಣ್ಣವೇ ಕಾಡುತ್ತಿದ್ದರೆ ಮೇಲೆ ಹೇಳಿದ Read receipts ಎಂಬುದನ್ನು ನೀವೇ ಆರಿಸಿಬಿಡಬಹುದು. ನನಗೆ ಪರಿಚಯದ ತಾಯಿಯೊಬ್ಬರು ಹೀಗೆ ಮಾಡಿ, ಸೊಸೆಯ ಫೋನಿನಲ್ಲಿಯೂ ಅದನ್ನೇ ಮಾಡಿಸಿದರು. "ಆಕಿ ನೋಡ್ಯಾಳೋ ಇಲ್ಲೋ ಅಂತ ನನಗ ತಿಳಿಯೂದು ಬ್ಯಾಡ, ನಾ ನೋಡೀನೋ ಇಲ್ಲೋ ಅಂತ ಆಕಿಗೂ ತಿಳಿಯೂದು ಬ್ಯಾಡ" ಎಂದರು. ಎಲ್ಲರಿಗೂ ಇದು ಹಿಡಿಸಲಾರದು. ದೂರದ ಊರಿನಲ್ಲಿ ಒಬ್ಬರೇ ಇರುವ ಹಿರಿಯರ ಫೋನಿನಲ್ಲಿ ಮಾತ್ರ ಇದನ್ನು ಆರಿಸಬೇಡಿರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಒಂದು ಕಾರಣವಿದೆ.

ಔರಾದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬರೇ ಇದ್ದ ತಾಯಿಗೆ ಹೈದರಾಬಾದಿನಲ್ಲಿದ್ದ ಮಗ ದಿನಾಲೂ ಬೆಳಿಗ್ಗೆ ಒಂದು ಸಂದೇಶ ಹಾಕುತ್ತಿದ್ದ. ಹಿಂದಿನ ವಾರ ಹೊಲದ ಪಾಲಿನ ವಿಷಯದಲ್ಲಿ ತಾಯಿಗೂ ಮಗನಿಗೂ ಮಾತು ಬೆಳೆದಿತ್ತು. ಒಂದು ದಿನ ಅವನ ಸಂದೇಶಕ್ಕೆ ಒಂದೇ ಟಿಕ್ ನಿಂತಿತು. "ಅವ್ವ ಸಿಟ್ಟಿನಿಂದ ಫೋನ್ ಬಂದ್ ಮಾಡ್ಯಾಳ, ತಾನೇ ಮಾತಾಡ್ಲಿ" ಎಂದು ಮಗ ಸುಮ್ಮನಾದ. ಎರಡನೆಯ ದಿನವೂ ಒಂದೇ ಟಿಕ್. ಮೂರನೆಯ ದಿನ ಹೆಂಡತಿಯ ಒತ್ತಾಯಕ್ಕೆ ಪಕ್ಕದ ಮನೆಯ ಅಣ್ಣನಿಗೆ ಫೋನು ಮಾಡಿದ. ಆತ ಹೋಗಿ ನೋಡಿದಾಗ ಫೋನು ಚಾರ್ಜ್ ಇಲ್ಲದೆ ದಿಂಬಿನ ಕೆಳಗೆ ಬಿದ್ದಿತ್ತು, ತಾಯಿ ಎರಡು ದಿನಗಳಿಂದ ಜ್ವರದಲ್ಲಿ ಎದ್ದು ನೀರು ಕಾಯಿಸಿಕೊಳ್ಳಲೂ ಆಗದೆ ಮಲಗಿದ್ದರು. ಅಂದೇ ಜೀಪಿನಲ್ಲಿ ಔರಾದದ ಆಸ್ಪತ್ರೆಗೆ ಒಯ್ದರು. ಬದುಕಿಕೊಂಡರು. ಮಗ ಈಗ ಪಕ್ಕದ ಮನೆಯವರ ನಂಬರನ್ನೂ, ಎದುರಿನ ಅಂಗಡಿಯವರ ನಂಬರನ್ನೂ ಬರೆದಿಟ್ಟುಕೊಂಡಿದ್ದಾನೆ. ಬೆಳಗಿನ ಸಂದೇಶ ಮಧ್ಯಾಹ್ನದವರೆಗೆ ಒಂದೇ ಟಿಕ್ಕಿನಲ್ಲಿ ನಿಂತರೆ ಮೊದಲು ಅವರಿಗೇ ಫೋನು ಮಾಡುತ್ತಾನೆ.